ಎಕೋ ಕೇಳುವವರ ಮೈಕ್ ಸರಿಯಾಗಿಯೇ ಇರುತ್ತದೆ

(ವಿಡಿಯೋ ಕರೆಗಳಲ್ಲಿ ದನಿ ಮರಳುವುದು ಮತ್ತು ಕೂಗು ಏಳುವುದರ ಬಗ್ಗೆ ಕೊಟ್ಟ ಉಪನ್ಯಾಸದ ಬರಹ ರೂಪ)

ವಿಡಿಯೋ ಕರೆಯಲ್ಲಿ ಮಾತಾಡುತ್ತಿದ್ದೀರಿ. ಹೇಳಿದ ಮಾತು ಅರ್ಧ ಸೆಕೆಂಡು ಬಿಟ್ಟು ನಿಮಗೇ ವಾಪಸ್ ಕೇಳುತ್ತದೆ. ಆಗ ನಿಮ್ಮ ಕೈ ಎಲ್ಲಿಗೆ ಹೋಗುತ್ತದೆ? ನಿಮ್ಮದೇ ಮೈಕಿನ ಕಡೆಗೆ. ಸೆಟ್ಟಿಂಗ್ಸ್ ತೆರೆಯುತ್ತೀರಿ, ಮೈಕ್ ಬದಲಿಸುತ್ತೀರಿ, ಕರೆಯಿಂದ ಹೊರಬಿದ್ದು ಮತ್ತೆ ಸೇರಿಕೊಳ್ಳುತ್ತೀರಿ. ಎಕೋ ಮಾತ್ರ ಹಾಗೇ ಇರುತ್ತದೆ.

ಯಾಕೆಂದರೆ ತೊಂದರೆ ನಿಮ್ಮ ಕಡೆ ಇಲ್ಲ. ನಿಮ್ಮ ದನಿ ಇನ್ನೊಬ್ಬರ ಮನೆಯ ಸ್ಪೀಕರಿನಿಂದ ಹೊರಬಂದು, ಅವರ ಕೋಣೆಯಲ್ಲಿ ಒಂದು ಸುತ್ತು ತಿರುಗಿ, ಅವರ ಮೈಕಿನೊಳಗೆ ಹೊಕ್ಕು ನಿಮಗೆ ಮರಳುತ್ತಿದೆ. ತಮಾಷೆಯೆಂದರೆ ಅವರಿಗೆ ಇದು ಗೊತ್ತೇ ಆಗುವುದಿಲ್ಲ. ಅವರಿಗೆ ನಿಮ್ಮ ಮಾತು ಒಂದೇ ಸಲ, ಸ್ವಚ್ಛವಾಗಿ ಕೇಳುತ್ತಿರುತ್ತದೆ. ಆದ್ದರಿಂದ ಹತ್ತು ಜನರ ಕರೆಯಲ್ಲಿ ಒಂಬತ್ತು ಜನ "ಎರಡೆರಡು ಸಲ ಕೇಳ್ತಿದೆ" ಎಂದು ಗೋಳಾಡುವಾಗ "ನನಗೇನೂ ಇಲ್ಲವಲ್ಲ, ಚೆನ್ನಾಗೇ ಕೇಳ್ತಿದೆ" ಎನ್ನುವ ಒಬ್ಬರಿರುತ್ತಾರೆ ನೋಡಿ, ಮೊದಲು ಅವರನ್ನು ಹಿಡಿಯಬೇಕು. ಅವರು ಮಾತಾಡಿದಾಗ ಎಕೋ ಇರುವುದಿಲ್ಲ, ಬೇರೆ ಯಾರು ಮಾತಾಡಿದರೂ ಇರುತ್ತದೆ. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಕಣ್ಣಿಗೆ ಕಾಣುವ ಸಾಕ್ಷಿಯೂ ಒಂದಿದೆ. ಬಹುತೇಕ ಆ್ಯಪ್‌ಗಳಲ್ಲಿ ಯಾರ ಮೈಕಿನಿಂದ ಸದ್ದು ಬರುತ್ತಿದೆಯೋ ಅವರ ಚೌಕದ ಅಂಚು ಬೆಳಗುತ್ತದೆ, ಇಲ್ಲವೇ ಮೈಕಿನ ಚಿತ್ರ ಅಲ್ಲಾಡುತ್ತದೆ. ನೀವು ಒಂದು ಚಪ್ಪಾಳೆ ತಟ್ಟಿ ಸುಮ್ಮನಾಗಿ. ಬಾಯಿ ಮುಚ್ಚಿಕೊಂಡು ಕೂತಿರುವ ಯಾರೋ ಒಬ್ಬರ ಚೌಕ ಆಮೇಲೆ ಒಮ್ಮೆ ಮಿಣುಕಿದರೆ ನಿಮ್ಮ ಚಪ್ಪಾಳೆ ಅವರ ಮೈಕಿನಿಂದ ವಾಪಸ್ ಬಂದಿದೆ ಎಂದರ್ಥ. ಅವರನ್ನು ಒಂದು ಕ್ಷಣ ಮ್ಯೂಟ್ ಮಾಡಿಸಿ ನೋಡಿ. ಎಕೋ ನಿಂತರೆ ಹುಡುಕಾಟ ಮುಗಿಯಿತು, ಇನ್ನು ಅವರ ಕೋಣೆಯಲ್ಲಿ ಏನಾಗಿದೆ ಎಂದು ನೋಡಿದರೆ ಸಾಕು.

ಇವತ್ತಿನ ಮಾತು ಆ ಕೋಣೆಯ ಬಗ್ಗೆ. ಆದರೆ ಅಲ್ಲಿಗೆ ಹೋಗುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಸ್ಪೀಕರ್ ಮತ್ತು ಮೈಕ್ ಒಂದೇ ಕೋಣೆಯಲ್ಲಿದ್ದರೆ ಎಕೋ ಬರಲೇಬೇಕಲ್ಲವೇ? ಲ್ಯಾಪ್‌ಟಾಪಿನಲ್ಲಿ ಎರಡಕ್ಕೂ ನಡುವೆ ಒಂದು ಗೇಣು ದೂರವಿರುತ್ತದೆ. ಹಾಗಿದ್ದರೂ ದಿನಾ ಹೆಡ್‌ಫೋನ್ ಇಲ್ಲದೆ ಮಾತಾಡುತ್ತೇವೆ, ಎಕೋ ಬರುವುದು ಅಪರೂಪ. ಎಕೋ ಯಾಕೆ ಬಂತು ಎನ್ನುವುದಕ್ಕಿಂತ ಉಳಿದ ದಿನ ಯಾಕೆ ಬರಲಿಲ್ಲ ಎನ್ನುವುದೇ ಒಳ್ಳೆಯ ಪ್ರಶ್ನೆ.

ಉತ್ತರ ಎಕೋ ಕ್ಯಾನ್ಸಲರ್. ಪ್ರತಿಯೊಂದು ಕರೆಯ ಆ್ಯಪ್‌ನಲ್ಲೂ ಇದು ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ. ಇದು ವಿಡಿಯೋ ಕರೆಗಳಿಗಿಂತ ಹಳೆಯದು. 1965ರಲ್ಲಿ ಅರ್ಲಿ ಬರ್ಡ್ ಉಪಗ್ರಹ ಮೇಲೆ ಹೋದಾಗ ದೂರವಾಣಿ ಎಂಜಿನಿಯರುಗಳಿಗೆ ಹೊಸ ತಲೆನೋವು ಶುರುವಾಯಿತು. ಉಪಗ್ರಹ ಇದ್ದದ್ದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಮಾತು ಮೇಲೆ ಹೋಗಿ ಕೆಳಗಿಳಿಯಲು ಕಾಲು ಸೆಕೆಂಡು, ಅದರ ಎಕೋ ಅದೇ ದಾರಿಯಲ್ಲಿ ಮರಳಲು ಇನ್ನೊಂದು ಕಾಲು ಸೆಕೆಂಡು. ಎಕೋ ತೀರ ಬೇಗ ಬಂದರೆ ನಮ್ಮದೇ ದನಿಯ ಜೊತೆ ಬೆರೆತು ಹೋಗುತ್ತದೆ, ಗಮನಕ್ಕೂ ಬರುವುದಿಲ್ಲ. ಅರ್ಧ ಸೆಕೆಂಡು ತಡವಾದರೆ ಮಾತಾಡುವವನ ನಾಲಿಗೆಯೇ ತೊದಲುತ್ತದೆ. ಅಲ್ಲಿಯ ತನಕ ಇದ್ದ ಉಪಾಯ ಸರಳವಾಗಿತ್ತು: ಒಬ್ಬ ಮಾತಾಡುವಾಗ ಇನ್ನೊಬ್ಬನ ದಾರಿಯನ್ನೇ ಮುಚ್ಚಿಬಿಡುವುದು. ಹೀಗೆ ಮಾಡಿದರೆ ನಡುವೆ ಬಾಯಿ ಹಾಕಲು ಆಗುವುದಿಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ಮನಮೋಹನ ಸೋಂಧಿ ಮತ್ತು ಅವರ ಜೊತೆಗಾರರು ಬೇರೆ ದಾರಿ ಹಿಡಿದರು. ದಾರಿ ಮುಚ್ಚುವ ಬದಲು ಎಕೋ ಎಷ್ಟು ಬರುತ್ತದೆಂದು ಮೊದಲೇ ಲೆಕ್ಕಹಾಕಿ ಕಳೆದುಬಿಡುವುದು. ಸೋಂಧಿಯವರ ಪ್ರಬಂಧ ಬಂದದ್ದು 1967ರಲ್ಲಿ. ನಿಮ್ಮ ಫೋನಿನಲ್ಲಿರುವುದು ಅದೇ ಉಪಾಯದ ವಂಶ.

ಅದರ ಕೆಲಸ ಹೀಗೆ. ದೂರದವರ ದನಿ ನಿಮ್ಮ ಯಂತ್ರಕ್ಕೆ ಬಂದು, ಸ್ಪೀಕರಿಗೆ ಹೋಗುವ ಮುಂಚೆ ಆ್ಯಪ್ ಅದರ ಒಂದು ಪ್ರತಿಯನ್ನು ಇಟ್ಟುಕೊಳ್ಳುತ್ತದೆ. ಆಮೇಲೆ ಮೈಕಿನಲ್ಲಿ ಬಂದ ಸದ್ದಿನಲ್ಲಿ ಆ ಪ್ರತಿಯ ಗುರುತು ಹುಡುಕುತ್ತದೆ. ಇಷ್ಟು ಮಿಲಿಸೆಕೆಂಡು ತಡವಾಗಿ, ಇಷ್ಟು ಕಡಿಮೆಯಾಗಿ ನೇರ ಬಂದಿದೆ. ಗೋಡೆಗೆ ಬಡಿದು ಇನ್ನಷ್ಟು ತಡವಾಗಿ ಸ್ವಲ್ಪ ಬಂದಿದೆ. ಮೇಜಿನಿಂದ ಇಷ್ಟು ಬಂದಿದೆ. ಹೀಗೆ ಆ ಕೋಣೆಯ ದಾರಿಗಳನ್ನೆಲ್ಲ ಕಲಿತುಕೊಂಡು, ಅಷ್ಟನ್ನು ಮೈಕಿನ ಸದ್ದಿನಿಂದ ಕಳೆದು, ಉಳಿದದ್ದನ್ನು ಮಾತ್ರ ಆ ಕಡೆಗೆ ಕಳಿಸುತ್ತದೆ. ಉಳಿದದ್ದು ಎಂದರೆ ನಿಮ್ಮ ಮಾತು. ಇದು ಅಂಗಡಿಯವನ ಖಾತೆಪುಸ್ತಕವಿದ್ದ ಹಾಗೆ: ಬರೆದಿಟ್ಟ ಬಾಕಿಯನ್ನು ಕಳೆಯಬಹುದು, ಪುಸ್ತಕದಲ್ಲಿ ಇಲ್ಲದ್ದನ್ನು ಕಳೆಯಲು ಬರುವುದಿಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವ ಹೆಚ್ಚಿನ ತೊಂದರೆಗಳ ಮೂಲ ಇಲ್ಲೇ ಇದೆ.

ಕಲಿಯಲು ಅದಕ್ಕೆ ಸ್ವಲ್ಪ ಹೊತ್ತು ಬೇಕು. ಕರೆ ಶುರುವಾದ ಮೊದಲ ಒಂದೆರಡು ಸೆಕೆಂಡು ಎಕೋ ಕೇಳಿ ಮಾಯವಾದರೆ ಅದು ರೋಗವಲ್ಲ. ಲ್ಯಾಪ್‌ಟಾಪಿನ ಮುಚ್ಚಳ ಬಾಗಿಸಿದಾಗ, ಫೋನನ್ನು ಮೇಜಿನಿಂದ ಕೈಗೆತ್ತಿಕೊಂಡಾಗ ದಾರಿಗಳು ಬದಲಾಗುತ್ತವೆ, ಅದು ಮತ್ತೆ ಕಲಿಯಬೇಕಾಗುತ್ತದೆ. ಆಗಲೂ ಒಂದು ತುಣುಕು ಎಕೋ ಜಾರಿಹೋಗಬಹುದು. ಅದನ್ನು ಬಿಟ್ಟುಬಿಡಿ.

ಈಗ ನಿಜವಾದ ತೊಂದರೆಗೆ ಬರೋಣ. ಒಂದೇ ಕೋಣೆಯಲ್ಲಿ ಇಬ್ಬರು, ಇಬ್ಬರ ಮುಂದೆಯೂ ಲ್ಯಾಪ್‌ಟಾಪ್, ಇಬ್ಬರೂ ಒಂದೇ ಕರೆಯಲ್ಲಿ. ಕಿವಿ ತೂತಾಗುವಂತೆ ಕೂಗು ಏಳುವುದು ಮುಖ್ಯವಾಗಿ ಇಲ್ಲೇ. ಎರಡೂ ಯಂತ್ರಗಳಲ್ಲಿ ಎಕೋ ಕ್ಯಾನ್ಸಲರ್ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ, ಆದರೂ ಕೂಗು. ಯಾಕೆ?

ಮೊದಲ ಯಂತ್ರವನ್ನು ಅ ಎನ್ನೋಣ, ಎರಡನೆಯದನ್ನು ಬ ಎನ್ನೋಣ. ಕರೆಯ ಸರ್ವರ್ ಯಾರಿಗೂ ಅವರದೇ ದನಿಯನ್ನು ವಾಪಸ್ ಕಳಿಸುವುದಿಲ್ಲ, ಉಳಿದವರ ದನಿಯನ್ನು ಮಾತ್ರ ಕಳಿಸುತ್ತದೆ. ಅ ಮುಂದೆ ಕೂತವರು ಮಾತಾಡಿದರು. ಅದು ಅ ಮೈಕಿನಿಂದ ಸರ್ವರಿಗೆ ಹೋಗಿ, ಬ ಸ್ಪೀಕರಿನಲ್ಲಿ ಹೊರಬಂತು. ಅಲ್ಲೇ ಎರಡು ಅಡಿ ದೂರದಲ್ಲಿರುವ ಅ ಮೈಕ್ ಅದನ್ನು ಕೇಳಿಸಿಕೊಂಡಿತು. ಈಗ ಅ ಯಂತ್ರದ ಖಾತೆಯಲ್ಲಿ ಏನಿದೆ? ತನ್ನ ಸ್ಪೀಕರಿಗೆ ತಾನು ಕಳಿಸಿದ ಸದ್ದು ಮಾತ್ರ. ಈ ದನಿ ಅದರ ಸ್ಪೀಕರಿಗೆ ಬಂದೇ ಇಲ್ಲ, ಬಂದದ್ದು ಪಕ್ಕದ ಯಂತ್ರಕ್ಕೆ. ಹಾಗಾಗಿ ಅ ಯಂತ್ರಕ್ಕೆ ಅದು ಯಾರೋ ಕೋಣೆಯಲ್ಲಿ ಹೊಸದಾಗಿ ಮಾತಾಡಿದಂತೆ ಕಾಣುತ್ತದೆ. ನಿಷ್ಠೆಯಿಂದ ಮತ್ತೆ ಕಳಿಸುತ್ತದೆ. ಅದು ಮತ್ತೆ ಬ ಸ್ಪೀಕರಿನಲ್ಲಿ, ಮತ್ತೆ ಅ ಮೈಕಿನಲ್ಲಿ. ಸುತ್ತು ಪೂರ್ತಿಯಾಯಿತು.

ಇಂಥ ಕಡೆ ಬ ಮುಂದೆ ಕೂತವರು ಬುದ್ಧಿವಂತಿಕೆಯಿಂದ ತಮ್ಮ ಮೈಕ್ ಮ್ಯೂಟ್ ಮಾಡುತ್ತಾರೆ. ಕೂಗು ನಿಲ್ಲುವುದಿಲ್ಲ. "ನಾನು ಆಗಲೇ ಮ್ಯೂಟ್ ಮಾಡಿದೀನಿ ಕಣ್ರೀ, ನಂದಲ್ಲ" ಎಂದು ಜಗಳ ಶುರುವಾಗುತ್ತದೆ. ಅವರು ಹೇಳುವುದು ಸುಳ್ಳಲ್ಲ, ಆದರೆ ತಪ್ಪು ಅವರದ್ದೇ. ಮೇಲೆ ಹೇಳಿದ ಸುತ್ತನ್ನು ಇನ್ನೊಮ್ಮೆ ನೋಡಿ. ಅ ಮೈಕ್, ಸರ್ವರ್, ಬ ಸ್ಪೀಕರ್, ಮತ್ತೆ ಅ ಮೈಕ್. ಈ ಸುತ್ತಿನಲ್ಲಿ ಬ ಯಂತ್ರದ ಮೈಕಿಗೆ ಜಾಗವೇ ಇಲ್ಲ. ಅದನ್ನು ಮ್ಯೂಟ್ ಮಾಡಿದರೆಷ್ಟು ಬಿಟ್ಟರೆಷ್ಟು? ಮುಚ್ಚಬೇಕಾದ್ದು ಬ ಸ್ಪೀಕರ್. ಇನ್ನು ಸ್ಪೀಕರ್ ಮಾತ್ರ ಮುಚ್ಚಿ ಮೈಕ್ ತೆರೆದಿಟ್ಟರೂ ಆಗದು. ಆಗ ಬ ಮೈಕಿನ ಸದ್ದು ಅ ಸ್ಪೀಕರಿನಲ್ಲಿ ಬರುತ್ತದೆ, ಅಲ್ಲಿಂದ ಬ ಮೈಕಿಗೆ ಮರಳುತ್ತದೆ, ಬ ಯಂತ್ರದ ಖಾತೆಯಲ್ಲಿ ಅದೂ ಇರುವುದಿಲ್ಲ. ಒಟ್ಟಿನಲ್ಲಿ ಒಂದು ಕೋಣೆಗೆ ಒಂದೇ ಯಂತ್ರದ ಸದ್ದು. ಉಳಿದ ಯಂತ್ರಗಳಲ್ಲಿ ಮೈಕ್, ಸ್ಪೀಕರ್ ಎರಡೂ ಬಂದ್ ಆಗಬೇಕು.

ಇದಕ್ಕೆ ಆ್ಯಪ್‌ಗಳಲ್ಲೇ ದಾರಿಯಿದೆ. ಜೂಮ್‌ನಲ್ಲಿ ಮೈಕಿನ ಪಕ್ಕದ ಬಾಣದ ಗುರುತು ಒತ್ತಿದರೆ ಆ ಕರೆಯ ಆಡಿಯೋವನ್ನೇ ಕಡಿದುಹಾಕುವ ಆಯ್ಕೆ ಸಿಗುತ್ತದೆ. ಆಗ ಮುಖ ಕಾಣುತ್ತದೆ, ಪರದೆ ಹಂಚಬಹುದು, ಆದರೆ ಆ ಯಂತ್ರಕ್ಕೆ ಕಿವಿಯೂ ಇಲ್ಲ ಬಾಯಿಯೂ ಇಲ್ಲ. ಗೂಗಲ್ ಮೀಟ್‌ನಲ್ಲಿ Companion mode ಎಂದಿದೆ, ಅದೂ ಇದೇ ಉದ್ದೇಶಕ್ಕೆ. ಬರೀ ವಾಲ್ಯೂಮ್ ಸೊನ್ನೆ ಮಾಡುವುದಕ್ಕಿಂತ ಇವು ಮೇಲು, ಯಾಕೆಂದರೆ ಸಭೆಯ ನಡುವೆ ಯಾರೋ ಮರೆತು ವಾಲ್ಯೂಮ್ ಗುಂಡಿ ಒತ್ತಿಬಿಡುತ್ತಾರೆ. ಕೋಣೆಯಲ್ಲಿರುವ ಪ್ರತಿಯೊಬ್ಬರೂ ಹೆಡ್‌ಫೋನ್ ಹಾಕಿಕೊಂಡರೆ ಕೂಗು ಏಳುವುದಿಲ್ಲ. ಆದರೆ ಅಕ್ಕಪಕ್ಕದ ಎರಡು ಮೈಕುಗಳೂ ಒಬ್ಬರದೇ ಮಾತು ಹಿಡಿಯುವುದರಿಂದ ದೂರದವರಿಗೆ ದನಿ ಕೊಳವೆಯೊಳಗಿಂದ ಬಂದಂತೆ ಕೇಳುತ್ತದೆ.

ಎಕೋ ಯಾವಾಗ ಕೂಗಾಗುತ್ತದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಒಂದು ಸುತ್ತು ತಿರುಗಿ ಬಂದ ಸದ್ದು ಮೊದಲಿಗಿಂತ ಕಡಿಮೆಯಾಗಿದ್ದರೆ ಎಕೋ ನಾಲ್ಕಾರು ಸಲ ಕೇಳಿ ಆರಿಹೋಗುತ್ತದೆ. ಮೊದಲಿಗಿಂತ ಜೋರಾಗಿದ್ದರೆ ಪ್ರತಿ ಸುತ್ತಿಗೂ ಬೆಳೆಯುತ್ತದೆ. ಆದರೆ ಬೆಳೆಯುವಾಗ ಮಾತು ಮಾತಾಗಿ ಯಾಕೆ ಉಳಿಯುವುದಿಲ್ಲ? ಯಾಕೆ ಒಂದೇ ಸ್ವರದ ಊಳಾಗುತ್ತದೆ? ಸ್ಪೀಕರ್, ಕೋಣೆ, ಮೈಕ್ ಇವು ಎಲ್ಲ ಸ್ವರಗಳನ್ನೂ ಒಂದೇ ಸಮ ದಾಟಿಸುವುದಿಲ್ಲ. ಲೆಕ್ಕ ಹಿಡಿಯಲು ಒಂದು ಸ್ವರ ಪ್ರತಿ ಸುತ್ತಿಗೆ 1.2 ಪಟ್ಟಾಗುತ್ತದೆ, ಇನ್ನೊಂದು 0.8 ಪಟ್ಟಾಗುತ್ತದೆ ಎಂದಿಟ್ಟುಕೊಳ್ಳಿ. ಹತ್ತು ಸುತ್ತಿನ ಹೊತ್ತಿಗೆ ಮೊದಲನೆಯದು ಆರು ಪಟ್ಟು ಮೀರಿರುತ್ತದೆ, ಎರಡನೆಯದು ಹತ್ತನೇ ಒಂದಕ್ಕೆ ಇಳಿದಿರುತ್ತದೆ. ಒಂದು ಸುತ್ತಿಗೆ 300 ಮಿಲಿಸೆಕೆಂಡು ಎಂದರೆ ಇದೆಲ್ಲ ಮೂರೇ ಸೆಕೆಂಡಿನ ಕೆಲಸ. ಸುತ್ತಿನಿಂದ ಸುತ್ತಿಗೆ ಮಾತು ಜರಡಿಯಾಗುತ್ತಾ ಹೋಗಿ ಕೊನೆಗೆ ಆ ಕೋಣೆಗೆ ಇಷ್ಟವಾದ ಸ್ವರ ಮಾತ್ರ ಉಳಿಯುತ್ತದೆ.

ಸಭಾಂಗಣದ ಮೈಕ್ ಸೆಟ್ಟಿನ ಕೂಗಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ಅಲ್ಲಿ ಸುತ್ತು ಕೆಲವೇ ಮಿಲಿಸೆಕೆಂಡಿನದು, ಆದ್ದರಿಂದ ಕೀ ಎಂದು ಒಮ್ಮೆಲೇ ಎದ್ದುಬಿಡುತ್ತದೆ. ಕರೆಯಲ್ಲಿ ಸುತ್ತು ಇಂಟರ್‌ನೆಟ್ ಮೂಲಕ ಹೋಗಿಬರುವುದರಿಂದ ಕೂಗು ಅಲೆ ಅಲೆಯಾಗಿ ಏರುತ್ತದೆ. ಕಿವಿಗೊಟ್ಟರೆ ಸುತ್ತನ್ನು ಎಣಿಸಬಹುದು. ನಿಮಗೆ ಒಂದೆರಡು ಸೆಕೆಂಡಿನ ಅವಕಾಶವಿದೆ ಎಂದಾಯಿತು. ಅಷ್ಟರಲ್ಲಿ ಯಾವುದಾದರೂ ಒಂದು ಯಂತ್ರದ ಸ್ಪೀಕರ್ ಮುಚ್ಚಿದರೆ ಕೂಗು ಸಾಯುತ್ತದೆ ಅಥವಾ ಕನಿಷ್ಠ ಸಣ್ಣದಾಗುತ್ತದೆ.

ಎಲ್ಲರೂ ಸುಮ್ಮನಿದ್ದಾಗಲೇ ಕೂಗು ಏಳುವುದನ್ನೂ ನೋಡಿರುತ್ತೀರಿ. ಅದಕ್ಕೂ ಕಾರಣವಿದೆ. ಮೈಕಿನ ಮಟ್ಟವನ್ನು ತಾನಾಗಿ ಹೊಂದಿಸುವ ಒಂದು ವ್ಯವಸ್ಥೆ ಆ್ಯಪ್‌ನಲ್ಲಿರುತ್ತದೆ. ಮಾತು ಮೆಲ್ಲಗಿದ್ದರೆ ಅದು ಮೈಕನ್ನು ಏರಿಸುತ್ತದೆ. ಮೆತ್ತಗೆ ಮಾತಾಡುವವರು ಅಥವಾ ಮೈಕಿನಿಂದ ದೂರ ಕೂತವರು ಇದ್ದರೆ ಏರಿಸುತ್ತಾ ಹೋಗಿ, ನೆಮ್ಮದಿಯಿಂದ ಇದ್ದ ಸುತ್ತನ್ನು ಗಡಿ ದಾಟಿಸಿಬಿಡುತ್ತದೆ. ಹೊತ್ತುಹೊತ್ತಿಗೆ ಕೂಗು ಎದ್ದು ತಾನಾಗಿ ಇಳಿಯುತ್ತಿದ್ದರೆ ಇದರ ಕೈವಾಡ ಎಂದು ಅನುಮಾನಿಸಿ.

ಇಲ್ಲಿಂದ ಒಂದು ಪ್ರಕರಣಕ್ಕೆ ಬರುತ್ತೇನೆ. ಒಂದು ಸಭೆಯ ಕೋಣೆ. ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ತಂತಿಯಿಂದ ದೊಡ್ಡ ಟಿವಿ ಜೋಡಿಸಿದ್ದಾರೆ, ಸದ್ದೂ ಟಿವಿಯಿಂದಲೇ. ಮೇಜಿನ ನಡುವೆ ಬೇರೆ ಯುಎಸ್‌ಬಿ ಮೈಕ್. ಕೋಣೆಯಲ್ಲಿ ಆರು ಜನ, ದೂರದಿಂದ ಮೂವರು. ದೂರದ ಮೂವರಿಗೂ ತಮ್ಮ ದನಿ ಮರಳಿ ಕೇಳುತ್ತಿದೆ. ಜೊತೆಗೆ ಆಗಾಗ ಕೂಗು. ಕೋಣೆಯವರ ಪ್ರಕಾರ ಇಂಟರ್‌ನೆಟ್ ಸರಿ ಇಲ್ಲ. (ಏನಾದರೂ ಕೆಟ್ಟರೆ ಇಂಟರ್‌ನೆಟ್ಟಿನ ಮೇಲೆ ಹಾಕುವುದು ಎಲ್ಲ ಕಡೆ ಇರುವ ಚಾಳಿ. ನೆಟ್ ನಿಧಾನವಾದರೆ ಎಕೋ ತಡವಾಗಿ ಬರುತ್ತದೆ, ನೆಟ್‌ನಿಂದಲೇ ಎಕೋ ಹುಟ್ಟುವುದಿಲ್ಲ.)

ಮೊದಲು ಕೂಗನ್ನು ಬೇರ್ಪಡಿಸಬೇಕು, ಅದರ ಸದ್ದಿನಲ್ಲಿ ಬೇರೇನೂ ಕೇಳುವುದಿಲ್ಲ. ಕರೆಯಲ್ಲಿ ಇರುವವರ ಪಟ್ಟಿ ತೆರೆದರೆ ಉತ್ತರ ಅಲ್ಲೇ ಇದೆ. ದೂರದವರು ಮೂವರು, ಕೋಣೆಯ ಲ್ಯಾಪ್‌ಟಾಪ್ ಒಂದು, ಒಟ್ಟು ನಾಲ್ಕು ಇರಬೇಕು. ಪಟ್ಟಿಯಲ್ಲಿ ಐದು ಹೆಸರಿದೆ. ಕೋಣೆಯಲ್ಲಿ ಒಬ್ಬರು ಚಾಟ್ ನೋಡಲೆಂದು ಫೋನಿನಿಂದಲೂ ಸೇರಿಕೊಂಡು, ಮೈಕ್ ಮ್ಯೂಟ್ ಮಾಡಿ, ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟಿದ್ದಾರೆ. ಅದರ ಸ್ಪೀಕರ್ ಯುಎಸ್‌ಬಿ ಮೈಕಿನ ಪಕ್ಕದಲ್ಲೇ. ನಾವು ಈಗಷ್ಟೇ ನೋಡಿದ ಸುತ್ತು ಇದೇ. ಫೋನಿನ ಆಡಿಯೋ ಕಡಿದ ಕೂಡಲೇ ಕೂಗು ನಿಂತಿತು.

ಎಕೋ ಮಾತ್ರ ಉಳಿಯಿತು. ಈಗ ಒಂದು ಪರೀಕ್ಷೆ. ಟಿವಿಯ ವಾಲ್ಯೂಮನ್ನು ಪೂರ್ತಿ ಸೊನ್ನೆಗೆ ಇಳಿಸಿ, ದೂರದವರಿಗೆ ಒಂದರಿಂದ ಹತ್ತರ ತನಕ ಎಣಿಸಲು ಹೇಳಿ. ಕೋಣೆಯಲ್ಲಿ ಕೇಳುವುದಿಲ್ಲವಾದ್ದರಿಂದ ಚಾಟ್‌ನಲ್ಲಿ ಬರೆದು ಹೇಳಬೇಕಾಗುತ್ತದೆ. ಎಕೋ ನಿಂತರೆ ಅದು ಗಾಳಿಯಲ್ಲಿ ಹೋಗುತ್ತಿರುವ ಎಕೋ, ಸ್ಪೀಕರಿನಿಂದ ಮೈಕಿಗೆ. ಸೊನ್ನೆಯಲ್ಲೂ ಎಕೋ ಇದ್ದರೆ ಅದು ಯಂತ್ರದ ಒಳಗೇ ತಿರುಗುತ್ತಿದೆ. ಅದರ ದಾರಿ ಬೇರೆ, ಆಮೇಲೆ ಹೇಳುತ್ತೇನೆ. ಈ ಕೋಣೆಯಲ್ಲಿ ನಿಂತಿತು.

ಹಾಗಾದರೆ ಕ್ಯಾನ್ಸಲರ್ ಯಾಕೆ ಸೋಲುತ್ತಿದೆ? ಮೂರು ಅನುಮಾನಗಳು. ಒಂದು, ಟಿವಿಯ ಸದ್ದು ತೀರ ಜೋರು. ಕ್ಯಾನ್ಸಲರ್ ಕಳೆಯುವುದು ತನ್ನ ಬಳಿ ಇರುವ ಪ್ರತಿಯನ್ನು ತಡವಾಗಿಸಿ, ತಗ್ಗಿಸಿ, ಕೂಡಿಸಿ ಮಾಡಿದ ನಕಲನ್ನು. ಸ್ಪೀಕರಿನ ಮೇಲೆ ಮಿತಿಮೀರಿ ಒತ್ತಡ ಬಿದ್ದು ಅದು ಒಡಕು ದನಿ ಮಾಡಿದರೆ, ಟಿವಿಯ ಹಿಂಬದಿಯ ಪ್ಲಾಸ್ಟಿಕ್ ಗಡಗಡ ಎಂದರೆ, ಆ ಗಡಗಡ ಮೂಲ ಪ್ರತಿಯಲ್ಲಿ ಎಲ್ಲೂ ಇಲ್ಲ. ಇಲ್ಲದ್ದನ್ನು ಕಳೆಯಲಾಗದು. ಹೀಗಾದಾಗ ದೂರದವರಿಗೆ ಎಕೋ ಪೂರ್ತಿ ಮಾತಾಗಿ ಕೇಳುವುದಿಲ್ಲ, ಗೀರುಗೀರಾಗಿ, ಜೋರು ಅಕ್ಷರಗಳು ಮಾತ್ರ ಕೇಳುತ್ತವೆ. ವಾಲ್ಯೂಮನ್ನು ಮೂರನೇ ಒಂದು ಪಾಲು ಇಳಿಸಿ ನೋಡಿದರೆ ಗೊತ್ತಾಗುತ್ತದೆ. ಇಳಿಸಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಎಕೋ ಇಳಿದರೆ ಒಡಕೇ ಕಾರಣ. ಇಲ್ಲಿ ಸ್ವಲ್ಪ ಇಳಿಯಿತು, ಆದರೆ ಹೋಗಲಿಲ್ಲ.

ಎರಡನೆಯದು ತಡ. ಟಿವಿ ಚಿತ್ರವನ್ನು ಚಂದಗೊಳಿಸಲು ಹೊತ್ತು ತೆಗೆದುಕೊಳ್ಳುತ್ತದೆ, ತುಟಿಗೂ ಮಾತಿಗೂ ಹೊಂದಿಕೆಯಾಗಲಿ ಎಂದು ಸದ್ದನ್ನೂ ತಡೆದು ಬಿಡುತ್ತದೆ. ಈ ತಡ ಕ್ಯಾನ್ಸಲರ್ ಹುಡುಕುವ ವ್ಯಾಪ್ತಿಯನ್ನು ಮೀರಿದರೆ ಎಕೋ ಅದರ ಕಣ್ಣಿಗೇ ಬೀಳುವುದಿಲ್ಲ. ಬ್ಲೂಟೂತ್ ಸ್ಪೀಕರ್‌ಗಳಲ್ಲೂ ಇದೇ ಕಥೆ, ಅಲ್ಲಿ ತಡ ಸುಲಭವಾಗಿ ನೂರು ಮಿಲಿಸೆಕೆಂಡು ದಾಟುತ್ತದೆ, ಮೇಲಾಗಿ ಸಂಪರ್ಕ ಏರುಪೇರಾದಾಗ ಬದಲಾಗುತ್ತಲೂ ಇರುತ್ತದೆ. ಟಿವಿಯ ಪಿಕ್ಚರ್ ಮೋಡ್ ಅನ್ನು ಗೇಮ್ ಎಂಬುದಕ್ಕೆ ಹಾಕಿದರೆ ಈ ತಡ ತಗ್ಗುತ್ತದೆ. ಆಟದವರಿಗೆಂದು ಇಟ್ಟದ್ದು ಸಭೆಯವರಿಗೂ ಆಗುತ್ತದೆ. ಇದನ್ನು ಮಾಡಿದ ಮೇಲೆ ಕರೆಯ ಮೊದಲ ಅರ್ಧ ನಿಮಿಷ ಎಕೋ ಇರಲಿಲ್ಲ. ಆಮೇಲೆ ಮೆಲ್ಲಗೆ ಬಂತು. ಸ್ವಲ್ಪ ಹೊತ್ತು ಹೋಯಿತು, ಮತ್ತೆ ಬಂತು.

ಈ ಬಂದು ಹೋಗುವ ಲಕ್ಷಣ ಮೂರನೆಯದರ ಕಡೆ ಬೆರಳು ತೋರಿಸುತ್ತದೆ, ನನಗೆ ತುಂಬ ಸ್ವಾರಸ್ಯ ಅನಿಸುವುದೂ ಇದೇ. ಟಿವಿಗೆ ಹೋಗುವ ಸದ್ದಿಗೆ ಒಂದು ಗಡಿಯಾರ, ಯುಎಸ್‌ಬಿ ಮೈಕಿಗೆ ತನ್ನದೇ ಗಡಿಯಾರ. ಇಬ್ಬರೂ ಸೆಕೆಂಡಿಗೆ 48,000 ಮಾದರಿ ಎನ್ನುತ್ತಾರೆ, ಆದರೆ ಇಬ್ಬರ ಸೆಕೆಂಡೂ ಸ್ವಲ್ಪ ಬೇರೆ. ವ್ಯತ್ಯಾಸ ಹತ್ತು ಲಕ್ಷಕ್ಕೆ 50 ಎಂದಿಟ್ಟುಕೊಳ್ಳಿ, ಅಗ್ಗದ ಸಾಧನಗಳಲ್ಲಿ ಇಷ್ಟಿರುವುದು ಅಚ್ಚರಿಯಲ್ಲ. ಒಂದು ನಿಮಿಷಕ್ಕೆ ಅದು ಮೂರು ಮಿಲಿಸೆಕೆಂಡಾಯಿತು. ಮೂರು ಮಿಲಿಸೆಕೆಂಡಿನಲ್ಲಿ ಸದ್ದು ಗಾಳಿಯಲ್ಲಿ ಹೆಚ್ಚುಕಡಿಮೆ ಒಂದು ಮೀಟರ್ ಹೋಗುತ್ತದೆ. ಅಂದರೆ ಕ್ಯಾನ್ಸಲರ್ ಪಾಲಿಗೆ ಟಿವಿ ಗೋಡೆಯ ಮೇಲೆ ನಿಂತಿಲ್ಲ, ನಿಮಿಷಕ್ಕೊಂದು ಮೀಟರಿನಂತೆ ಮೈಕಿನಿಂದ ದೂರ ಸರಿಯುತ್ತಲೇ ಇದೆ. ಕೋಣೆಯ ದಾರಿಗಳನ್ನು ಕಲಿತು ಮುಗಿಸುವಷ್ಟರಲ್ಲಿ ಕಲಿತದ್ದು ಹಳೆಯದಾಗಿರುತ್ತದೆ. ಒಳ್ಳೆಯ ಕ್ಯಾನ್ಸಲರ್‌ಗಳು ಈ ಸರಿಯುವಿಕೆಯನ್ನು ಹಿಂಬಾಲಿಸುತ್ತವೆ, ಆದರೆ ಒಂದು ಮಿತಿಯ ತನಕ.

ಇದನ್ನು ಸೆಟ್ಟಿಂಗ್ಸ್‌ನಲ್ಲಿ ತಿದ್ದಲು ಬರುವುದಿಲ್ಲ. ಮೈಕ್ ಮತ್ತು ಸ್ಪೀಕರ್ ಒಂದೇ ಗಡಿಯಾರದಲ್ಲಿ ನಡೆಯುವಂತೆ ಮಾಡಬೇಕು, ಅಂದರೆ ಎರಡೂ ಒಂದೇ ಸಾಧನದಲ್ಲಿರಬೇಕು. ಟಿವಿಯನ್ನು ಚಿತ್ರಕ್ಕೆ ಮಾತ್ರ ಬಿಟ್ಟು, ಸದ್ದಿಗೆ ಲ್ಯಾಪ್‌ಟಾಪಿನದೇ ಮೈಕ್, ಲ್ಯಾಪ್‌ಟಾಪಿನದೇ ಸ್ಪೀಕರ್ ಎಂದು ಆರಿಸಿ ನೋಡಿದರು. ಎಕೋ ಪೂರ್ತಿ ಹೋಯಿತು. ಆದರೆ ಆರು ಜನಕ್ಕೆ ಲ್ಯಾಪ್‌ಟಾಪಿನ ಸ್ಪೀಕರ್ ಸಾಲದು. ಮೇಜಿನ ಮೇಲಿಡುವ ಸ್ಪೀಕರ್‌ಫೋನ್ ಎಂದು ಸಿಗುತ್ತದಲ್ಲ, ಮೈಕು ಸ್ಪೀಕರು ಒಂದೇ ಡಬ್ಬಿಯಲ್ಲಿ, ಅದನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿದ ಮೇಲೆ ಕೆಲಸ ಮುಗಿಯಿತು. ಅಂಥ ಡಬ್ಬಿಗಳಲ್ಲಿ ಕ್ಯಾನ್ಸಲರ್ ಒಳಗೇ ಇರುತ್ತದೆ, ತನ್ನ ಸ್ಪೀಕರಿಗೂ ಮೈಕಿಗೂ ಎಷ್ಟು ದೂರ ಎಂಬುದು ಅದಕ್ಕೆ ಹುಟ್ಟಿನಿಂದ ಗೊತ್ತು. ನನ್ನನ್ನು ಕೇಳಿದರೆ ದುಬಾರಿ ಮೈಕು ಬೇರೆ, ದುಬಾರಿ ಸ್ಪೀಕರ್ ಬೇರೆ ಕೊಳ್ಳುವುದಕ್ಕಿಂತ ಸಾಧಾರಣದ್ದೊಂದು ಸ್ಪೀಕರ್‌ಫೋನ್ ಮೇಲು ಎನ್ನುತ್ತೇನೆ.

ಸೆಟ್ಟಿಂಗ್ಸ್ ಬಗ್ಗೆ ಕಡಿಮೆ ಮಾತಾಡುತ್ತೇನೆ, ಯಾಕೆಂದರೆ ಬಹಳ ಸಲ ಅಲ್ಲಿ ಕೈಹಾಕಿದ್ದೇ ತೊಂದರೆಗೆ ಮೂಲ. ಸಂಗೀತ ಪಾಠದವರು ಜೂಮ್‌ನಲ್ಲಿ Original sound for musicians ಹಾಕಿಕೊಳ್ಳುತ್ತಾರೆ. ಆ್ಯಪ್ ಸದ್ದನ್ನು ತಿದ್ದದೆ ಇದ್ದ ಹಾಗೆ ಕಳಿಸಲಿ ಎಂದು ಅದಿರುವುದು. ಅದರ ಜೊತೆ ಎಕೋ ಕ್ಯಾನ್ಸಲರ್ ಕೂಡ ಬಂದ್ ಆಗಿದ್ದರೆ ಹೆಡ್‌ಫೋನ್ ಕಡ್ಡಾಯ. ಪಾಠ ಮುಗಿಸಿ ಮರೆತು, ಮರುದಿನ ಸ್ಪೀಕರಿನಲ್ಲಿ ಸಭೆಗೆ ಕೂತರೆ ಎಲ್ಲರಿಗೂ ಎಕೋ. ವಿಂಡೋಸ್‌ನಲ್ಲಿ ಮೈಕಿನ ಪ್ರಾಪರ್ಟೀಸ್ ತೆರೆದರೆ Levels ಪುಟದಲ್ಲಿ ಕೆಲವು ಯಂತ್ರಗಳಲ್ಲಿ Microphone Boost ಕಾಣುತ್ತದೆ. ಅದು +30 dB ತನಕ ಹೋಗುತ್ತದೆ, ಎಂದರೆ ಮೂವತ್ತು ಪಟ್ಟು ಏರಿಕೆ. ಅಷ್ಟು ಏರಿಸಿದ ಮೈಕಿನಲ್ಲಿ ಸ್ಪೀಕರಿನ ಸದ್ದು ಮಿತಿ ಮೀರಿ ಒಡೆಯುತ್ತದೆ, ಮತ್ತೆ ಅದೇ ಒಡಕಿನ ಕಥೆ.

ವಾಲ್ಯೂಮ್ ಸೊನ್ನೆಯಲ್ಲೂ ಉಳಿಯುವ ಎಕೋ ಎಂದೆನಲ್ಲ, ಅದಕ್ಕೆ ಎರಡು ಕಡೆ ನೋಡಿ. ಆ್ಯಪ್‌ನಲ್ಲಿ ಮೈಕ್ ಎಂದು Stereo Mix ಆಯ್ಕೆಯಾಗಿದ್ದರೆ ಯಂತ್ರದಲ್ಲಿ ನುಡಿಯುವುದೆಲ್ಲ ಹಾಗೆಯೇ ಕರೆಗೆ ವಾಪಸ್ ಹೋಗುತ್ತದೆ. ಪರದೆಯ ರೆಕಾರ್ಡಿಂಗ್‌ಗೆಂದು ಹಾಕಿಕೊಂಡ ವರ್ಚುವಲ್ ಕೇಬಲ್‌ಗಳದ್ದೂ ಇದೇ ಕೆಲಸ. ಇಂಥ ಎಕೋ ಕೇಳಿದ ಕೂಡಲೇ ಗುರುತು ಸಿಗುತ್ತದೆ: ಅದರಲ್ಲಿ ಕೋಣೆಯ ಮೊಳಗಿಲ್ಲ, ಬಾಗಿಲಿನ ಸದ್ದಿಲ್ಲ, ಮೂಲದಷ್ಟೇ ಚೊಕ್ಕ. ಇನ್ನು ನಿಮ್ಮದೇ ದನಿ ನಿಮ್ಮದೇ ಸ್ಪೀಕರಿನಲ್ಲಿ, ಹೆಚ್ಚು ತಡವಿಲ್ಲದೆ, ಕರೆಯಿಂದ ಹೊರಬಿದ್ದರೂ ಕೇಳುತ್ತಿದ್ದರೆ ಮೈಕಿನ ಪ್ರಾಪರ್ಟೀಸ್‌ನ Listen ಪುಟದಲ್ಲಿ Listen to this device ಎಂಬ ಚೌಕಕ್ಕೆ ಟಿಕ್ ಬಿದ್ದಿರುತ್ತದೆ. ಅದನ್ನು ತೆಗೆದರೆ ಆಯಿತು. ನಾನು ಆರಂಭದಲ್ಲಿ ಹೇಳಿದ ಮಾತಿಗೆ ಇದೊಂದು ಅಪವಾದ. ಇಲ್ಲಿ ತಪ್ಪು ಕೇಳುವವರ ಯಂತ್ರದಲ್ಲೇ ಇದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

"ಸರ್, ಎಕೋ ಇಲ್ಲ, ಆದರೆ ಇಬ್ಬರು ಒಟ್ಟಿಗೆ ಮಾತಾಡಿದರೆ ಒಬ್ಬರ ದನಿ ತುಂಡುತುಂಡಾಗುತ್ತದೆ. ಇದೂ ಅದಕ್ಕೆ ಸಂಬಂಧವೇ?" ಎಂದು ಒಬ್ಬರು ಕೇಳಿದರು. ಹೌದು, ನೇರ ಸಂಬಂಧ. ಲೆಕ್ಕಹಾಕಿ ಕಳೆದ ಮೇಲೂ ಎಕೋದ ಸ್ವಲ್ಪ ಚೂರು ಉಳಿಯುತ್ತದೆ. ಅದನ್ನು ಅಡಗಿಸಲು ಆ್ಯಪ್ ಮೈಕನ್ನು ಆಗಾಗ ಅದುಮುತ್ತದೆ, 1960ರ ದಶಕದ ದೂರವಾಣಿಯವರು ದಾರಿ ಮುಚ್ಚುತ್ತಿದ್ದ ಉಪಾಯವೇ ಇದು. ಎಕೋ ಹೆಚ್ಚಿದ್ದಷ್ಟೂ ಹೆಚ್ಚು ಅದುಮುತ್ತದೆ, ಆಗ ನಿಮ್ಮ ಮಾತಿನ ಮೊದಲ ಅಕ್ಷರಗಳು ನುಂಗಿಹೋಗುತ್ತವೆ. ಆದ್ದರಿಂದ ಯಾರ ದನಿ ತುಂಡಾಗುತ್ತದೋ ಅವರ ಸ್ಪೀಕರ್ ಜೋರಾಗಿದೆಯೇ ನೋಡಿ. ಇಲ್ಲೂ ತೊಂದರೆಗೆ ಒಳಗಾದವರೂ ಕಾರಣರೂ ಒಬ್ಬರೇ. ಅವರು ಹೆಡ್‌ಫೋನ್ ಹಾಕಿಕೊಂಡರೆ ಎರಡೂ ಕಡೆಯವರು ಧಾರಾಳವಾಗಿ ಒಟ್ಟಿಗೆ ಮಾತಾಡಬಹುದು.

ಇನ್ನೊಬ್ಬರು ಹೆಡ್‌ಫೋನ್ ಹಾಕಿಕೊಂಡೇ ಎಕೋ ಕಳಿಸುತ್ತಿದ್ದರಂತೆ. "ಕಿವಿಯೊಳಗಿನ ಸದ್ದು ಮೈಕಿಗೆ ಹೇಗೆ ಹೋಗುತ್ತದೆ?" ಎಂದರು. ಮೊದಲು ನೋಡಬೇಕಾದ್ದು ಆ್ಯಪ್ ನಿಜಕ್ಕೂ ಹೆಡ್‌ಫೋನಿಗೇ ಸದ್ದು ಕಳಿಸುತ್ತಿದೆಯೇ ಎಂದು. ಒಂದು ಕಿವಿಯಿಂದ ತೆಗೆದು ಕುತ್ತಿಗೆಗೆ ಹಾಕಿಕೊಂಡಿದ್ದರೂ ಸಾಕು, ಕೊರಳ ಬಳಿಯ ಮೈಕಿಗೆ ಅದು ಕೇಳುತ್ತದೆ. ಅದೆಲ್ಲ ಸರಿಯಿದ್ದರೆ ತಂತಿಯನ್ನು ಅನುಮಾನಿಸಬೇಕು. 3.5 ಮಿಲಿಮೀಟರ್ ಜ್ಯಾಕಿನ ಹೆಡ್‌ಸೆಟ್‌ನಲ್ಲಿ ಎರಡು ಕಿವಿ ಮತ್ತು ಮೈಕ್ ಮೂರಕ್ಕೂ ನೆಲದ ತಂತಿ ಒಂದೇ. ಅದು ತೆಳ್ಳಗಿದ್ದರೆ, ಜ್ಯಾಕ್ ಸಡಿಲವಾಗಿದ್ದರೆ ಕಿವಿಗೆ ಹೋಗುವ ವಿದ್ಯುತ್ತಿನ ಒಂದು ಅಂಶ ಮೈಕಿನ ದಾರಿಗೆ ಜಿನುಗುತ್ತದೆ. ಗಾಳಿಯಲ್ಲಿ ಸದ್ದೇ ಇಲ್ಲ, ಆದರೂ ಎಕೋ. ಪರೀಕ್ಷೆ ಸುಲಭ: ಮೈಕನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿಕೊಂಡು ಆ ಕಡೆಯವರಿಗೆ ಮಾತಾಡಲು ಹೇಳಿ. ಅವರಿಗೆ ಎಕೋ ಮೊದಲಿನಷ್ಟೇ ಕೇಳಿದರೆ ಅದು ತಂತಿಯೊಳಗಿನದು. ಜ್ಯಾಕನ್ನು ಪೂರ್ತಿ ಒಳಗೆ ಒತ್ತಿ ನೋಡಿ, ಆಗದಿದ್ದರೆ ಯುಎಸ್‌ಬಿ ಹೆಡ್‌ಸೆಟ್‌ಗೆ ಹೋಗಿ. ಅಲ್ಲಿ ಆ ಜ್ಯಾಕಿನ ಗೊಡವೆಯೇ ಇಲ್ಲ.